ಯಾರು ಯಾರ ಮಾತು ಕೇಳಬೇಕು: ರಿಪೋರ್ಟಿಂಗ್ ಬದಲಿಸುವ ಮುನ್ನ ನಮ್ಮ ಫೌಂಡ್ರಿಯಲ್ಲಿ ಮಾಡಿದ ಕೆಲಸ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಆರು ವರ್ಷಗಳಿಂದ ಸಿಬ್ಬಂದಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಟ್ರ್ಯಾಕ್ಟರ್ ಮತ್ತು ಪಂಪುಗಳ ಬಿಡಿಭಾಗಗಳನ್ನು ಎರಕ ಹೊಯ್ದು, ಪಕ್ಕದ ಮಷಿನ್ ಶಾಪಿನಲ್ಲಿ ಅವಕ್ಕೆ ಕೊನೆಯ ರೂಪ ಕೊಟ್ಟು ಕಳಿಸುವ, ಸುಮಾರು 140 ಜನರ ಕಾರ್ಖಾನೆ ಇದು. ನಡೆಸುವವರು ಮೂವರು ಅಣ್ಣತಮ್ಮಂದಿರು. ದೊಡ್ಡವರದು ಫೌಂಡ್ರಿ ಮತ್ತು ಹಣಕಾಸು, ನಡುವಿನವರದು ಮಾರಾಟ ಮತ್ತು ಖರೀದಿ, ಸಣ್ಣವರದು ಮಷಿನ್ ಶಾಪ್. ದೊಡ್ಡವರ ಮಗ ಎಂಜಿನಿಯರಿಂಗ್ ಮುಗಿಸಿ ಬಂದ ಮೇಲೆ ನಾಲ್ಕನೆಯ ಧ್ವನಿಯೊಂದು ಸೇರಿಕೊಂಡಿತು.

ಬದಲಾವಣೆಯ ಮಾತು ಹುಟ್ಟಿದ್ದು ಒಬ್ಬ ಗ್ರಾಹಕರ ಆಡಿಟ್‌ನಿಂದ. ವಾಹನೋದ್ಯಮದ ಗುಣಮಟ್ಟದ ಮಾನದಂಡವಾದ ಐಎಟಿಎಫ್ 16949ರ ಪ್ರಕಾರ, ಗುಣಮಟ್ಟದ ಹೊಣೆ ಹೊತ್ತವರಿಗೆ ಉತ್ಪಾದನೆಯನ್ನೂ ಸಾಗಣೆಯನ್ನೂ ನಿಲ್ಲಿಸುವ ಅಧಿಕಾರ ಇರಬೇಕು. ನಮ್ಮಲ್ಲಿ ಇನ್‌ಸ್ಪೆಕ್ಟರ್ ಮಾಲು ತಡೆದರೆ, ಅರ್ಧ ಗಂಟೆಯೊಳಗೆ ಮಾಲಕರ ಪೈಕಿ ಯಾರಾದರೊಬ್ಬರು ಫೋನ್ ಮಾಡಿ ಬಿಡಿಸುತ್ತಿದ್ದರು. ಹೊರಗಿನಿಂದ ಒಬ್ಬ ಪ್ಲಾಂಟ್ ಹೆಡ್ ಅವರನ್ನು ತಂದು, ಉತ್ಪಾದನೆ ಮತ್ತು ಮೇಂಟೆನೆನ್ಸ್ ಅವರ ಕೈಕೆಳಗೆ, ಗುಣಮಟ್ಟ ಮಾತ್ರ ಪ್ರತ್ಯೇಕವಾಗಿ ಇರಲಿ ಎಂದು ಮನೆಯಲ್ಲೇ ತೀರ್ಮಾನವಾಯಿತು. ಮುಂದಿನ ತಿಂಗಳ ಒಂದನೇ ತಾರೀಖಿನಿಂದಲೇ ಜಾರಿ ಮಾಡೋಣ ಎಂದು ಮಗನವರು ಅವಸರಪಟ್ಟರು. ನಾನು ಎರಡು ತಿಂಗಳ ಸಮಯ ಕೇಳಿದೆ.

ಮೊದಲ ಎರಡು ವಾರ ನಾನು ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ, ಬರೆದಿಟ್ಟುಕೊಂಡೆ ಅಷ್ಟೆ. ಓವರ್‌ಟೈಮ್, ರಜೆ, ತುರ್ತು ಖರೀದಿ, ತಡೆದ ಮಾಲಿನ ಬಿಡುಗಡೆ, ಪಗಾರದ ಅಡ್ವಾನ್ಸ್ ಈ ಐದು ವಿಷಯಗಳಲ್ಲಿ ಯಾವ ಒಪ್ಪಿಗೆಯನ್ನು ಯಾರು ಯಾರ ಬಳಿ ಹೋಗಿ ಪಡೆದರು ಎಂಬುದನ್ನು ಟೈಮ್ ಆಫೀಸು, ಸ್ಟೋರ್ಸ್ ಮತ್ತು ಡಿಸ್‌ಪ್ಯಾಚಿನ ಗುಮಾಸ್ತರಿಂದ ದಿನವೂ ಕೇಳಿ ತಿಳಿದುಕೊಂಡೆ. ಒಟ್ಟು 86 ಒಪ್ಪಿಗೆಗಳಲ್ಲಿ ಯಾರು ಯಾರ ಕೈಕೆಳಗೆ ಎಂದು ತೋರಿಸುವ ಗೋಡೆಯ ಮೇಲಿನ ಚಾರ್ಟಿನಂತೆ ನಡೆದವು 31 ಮಾತ್ರ. ಉಳಿದ 55ರಲ್ಲಿ ಹೆಚ್ಚಿನವು ಚಾರ್ಟಿನಲ್ಲಿ ಆ ಕೆಲಸಕ್ಕೆ ಸಂಬಂಧವೇ ಇಲ್ಲದ ಮಾಲಕರೊಬ್ಬರ ಬಳಿ ಹೋಗಿದ್ದವು. ಈ ಪಟ್ಟಿಯಿಲ್ಲದೆ ಮುಂದುವರಿದಿದ್ದರೆ, ಇಲ್ಲದ ವ್ಯವಸ್ಥೆಯೊಂದನ್ನು ಇನ್ನೊಂದು ಇಲ್ಲದ ವ್ಯವಸ್ಥೆಯಾಗಿ ಬದಲಿಸುವ ಕೆಲಸ ಮಾಡುತ್ತಿದ್ದೆವು.

ಆನಂತರ ಫೋರ್ಸ್ ಫೀಲ್ಡ್ ಅನಾಲಿಸಿಸ್. ಇದರ ಮೂಲ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1940ರ ದಶಕದಲ್ಲಿ ಮಂಡಿಸಿದ ವಿಚಾರ. ಒಂದು ಗುಂಪಿನ ಈಗಿನ ಸ್ಥಿತಿ ತಾನೇ ತಾನಾಗಿ ನಿಂತಿರುವುದಿಲ್ಲ. ಬದಲಾವಣೆಯತ್ತ ನೂಕುವ ಬಲಗಳು ಮತ್ತು ಅದನ್ನು ತಡೆಹಿಡಿಯುವ ಬಲಗಳು ಸರಿಸಮವಾಗಿರುವ ಕಡೆ ಅದು ನಿಂತಿರುತ್ತದೆ. ನೂಕುವ ಬಲವನ್ನು ಹೆಚ್ಚಿಸಿದರೆ ಸ್ಥಿತಿ ಸರಿಯಬಹುದು, ಆದರೆ ಒಳಗಿನ ಬಿಗಿತವೂ ಏರುತ್ತದೆ. ತಡೆಯುವ ಬಲವನ್ನು ಇಳಿಸಿದರೆ ಬಿಗಿತ ಏರದೆಯೇ ಸರಿಯುತ್ತದೆ. ಬಹಳ ಕಡೆ ಈ ಎರಡನೆಯ ಮಾತನ್ನು ಮರೆತು, ಎಡಕ್ಕೊಂದು ಬಲಕ್ಕೊಂದು ಪಟ್ಟಿ ಮಾಡಿ, ಅಂಕ ಕೂಡಿಸಿ, ನೂಕುವ ಕಡೆ ಹೆಚ್ಚಾಯಿತು, ಮುಂದುವರಿಯೋಣ ಎನ್ನುತ್ತಾರೆ. ಅಂಕಗಳನ್ನು ಕೂಡಿಸುವುದಕ್ಕೆ ಅರ್ಥವೇ ಇಲ್ಲ. ಐದು ಅಂಕದ ಒಂದೇ ಒಂದು ತಡೆ, ಎರಡೆರಡು ಅಂಕದ ಆರು ಉತ್ತೇಜನಗಳನ್ನು ಹಿಡಿದು ನಿಲ್ಲಿಸಬಲ್ಲದು.

ನಾನು ಮಾಡಿದ ಮೊದಲ ತಪ್ಪು, ಎಲ್ಲರನ್ನೂ ಒಟ್ಟಿಗೆ ಕೂರಿಸಿದ್ದು. ಮೂವರು ಮಾಲಕರು, ಮಗ, ನಾಲ್ವರು ವಿಭಾಗದ ಮುಖ್ಯಸ್ಥರು, ಮಧ್ಯದಲ್ಲಿ ಚಹಾ, ಎಲ್ಲರ ಕೈಯಲ್ಲೂ ಖಾಲಿ ಚೀಟಿಗಳು. ಒಂದೂವರೆ ಗಂಟೆಯ ಬಳಿಕ ತಡೆಯುವ ಬಲಗಳೆಂದು ಬಂದ ಚೀಟಿಗಳಲ್ಲಿ ಇದ್ದದ್ದು “ತರಬೇತಿಯ ಕೊರತೆ”, “ಸಂವಹನದ ಕೊರತೆ”, “ಕಾರ್ಮಿಕರ ಮನೋಭಾವ”. 55 ಒಪ್ಪಿಗೆಗಳು ಎಲ್ಲಿ ಹೋಗಿದ್ದವೋ ಆ ದಿಕ್ಕಿನ ಒಂದು ಚೀಟಿಯೂ ಬರಲಿಲ್ಲ. ಇಂತಹ ಗಾಳಿಯಂಥ ಪದಗಳು ಮೇಜಿನ ಮೇಲೆ ಬಿದ್ದರೆ, ಹೇಳಬೇಕಾದವರು ಹೇಳುತ್ತಿಲ್ಲ ಎಂದೇ ತಿಳಿಯಬೇಕು.

ಎರಡನೆಯ ಸಲ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕಂಡೆ ಮತ್ತು ಎರಡು ನಿಯಮ ಇಟ್ಟುಕೊಂಡೆ. ಬದಲಾವಣೆಯನ್ನು ಒಂದೇ ವಾಕ್ಯದಲ್ಲಿ ಬರೆದು ಎದುರಿಗೆ ಇಟ್ಟೆ: “ಸುಪರ್ವೈಸರುಗಳು ಕೆಲಸ, ರಜೆ, ಓವರ್‌ಟೈಮ್ ಮತ್ತು ಅಡ್ವಾನ್ಸ್ ವಿಷಯದಲ್ಲಿ ಪ್ಲಾಂಟ್ ಹೆಡ್ ಒಬ್ಬರ ಮಾತನ್ನೇ ಕೇಳುತ್ತಾರೆ.” ಮತ್ತು, ಯಾವ ಬಲವನ್ನು ಹೆಸರಿಸಿದರೂ ಅದಕ್ಕೆ ಈಚೆಗೆ ನಡೆದ ಒಂದು ಘಟನೆಯನ್ನು ಹೇಳಬೇಕು. ಘಟನೆ ಇಲ್ಲದ ಬಲವನ್ನು ಪಟ್ಟಿಗೆ ಸೇರಿಸಲಿಲ್ಲ. “ಮನೋಭಾವ” ಅಲ್ಲೇ ಉದುರಿಹೋಯಿತು. ಪ್ರತಿ ಬಲಕ್ಕೂ ಎರಡು ಅಂಕ ಬರೆದೆ, ಒಂದು ಅದರ ಗಟ್ಟಿತನಕ್ಕೆ, ಇನ್ನೊಂದು ಅದನ್ನು ನಾವು ಎಷ್ಟು ಅಲುಗಾಡಿಸಬಲ್ಲೆವು ಎಂಬುದಕ್ಕೆ.

ಹೀಗೆ ಹೊರಬಂದ ತಡೆಗಳಲ್ಲಿ ಎರಡು, ನಾನು ಊಹಿಸಿಯೇ ಇರದಂಥವು. ದೊಡ್ಡ ಮಾಲಕರು ಮುಂಜಾನೆ ಒಂಬತ್ತಕ್ಕೆ ವೇಬ್ರಿಜ್ ಪಕ್ಕದ ಕುರ್ಚಿಯಲ್ಲಿ ಕೂತಾಗ, ಅಡ್ವಾನ್ಸ್ ಬೇಕಾದವರು ಅಲ್ಲಿಗೆ ಹೋಗುತ್ತಾರೆ. ಅವರು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಹೆಸರು ಮತ್ತು ಮೊತ್ತ ಬರೆದು ಸಹಿ ಮಾಡುತ್ತಾರೆ, ಅಕೌಂಟ್ಸಿನವರು ಆ ಚೀಟಿ ನೋಡಿ ಹಣ ಕೊಡುತ್ತಾರೆ. ಚೀಟಿ ಬರೆಯುತ್ತಾ ಮಗಳ ಮದುವೆ ಎಲ್ಲಿಗೆ ಬಂತು, ಹೊಲಕ್ಕೆ ಬೋರ್ ಬಿತ್ತೋ ಇಲ್ಲವೋ ಎಂದು ವಿಚಾರಿಸುತ್ತಾರೆ. ಅಡ್ವಾನ್ಸನ್ನು ಪ್ಲಾಂಟ್ ಹೆಡ್ ಅವರಿಗೆ ಒಪ್ಪಿಸುವುದೆಂದರೆ ಈ ಕುರ್ಚಿಯನ್ನು ಎತ್ತಿಹಾಕುವುದು ಎಂದು ಅವರಿಗೂ ಅನ್ನಿಸಿತ್ತು, ಮೂವತ್ತು ವರ್ಷದಿಂದ ಅವರ ಎದುರು ನಿಂತವರಿಗೂ ಅನ್ನಿಸಿತ್ತು. ಇದನ್ನು ಅಹಂಕಾರ ಎಂದು ಬರೆದುಕೊಂಡಿದ್ದರೆ ಅಲ್ಲಿಗೆ ದಾರಿ ಮುಗಿಯುತ್ತಿತ್ತು. ನಾವು ಅಡ್ವಾನ್ಸನ್ನು ಬದಲಾವಣೆಯ ವಾಕ್ಯದಿಂದಲೇ ತೆಗೆದುಹಾಕಿದೆವು. ಮೊತ್ತಕ್ಕೆ ಒಂದು ಮಿತಿ ಹಾಕಿ, ಆ ಚೀಟಿ ಅವರ ಬಳಿಯೇ ಉಳಿಯಿತು. ರಿಪೋರ್ಟಿಂಗ್ ಎಂದು ನಾವು ಕರೆಯುವುದು ಹಲವು ಎಳೆಗಳ ಹುರಿ. ಆಡಿಟ್‌ಗೆ ಬೇಕಾಗಿದ್ದದ್ದು ಅದರಲ್ಲಿ ಕೆಲಸ ಹೇಳುವ ಎಳೆ ಮತ್ತು ಮಾಲು ತಡೆಯುವ ಎಳೆ ಎರಡೇ.

ಎರಡನೆಯ ತಡೆ ಸಣ್ಣ ಮಾಲಕರದು. ಸಭೆಯಲ್ಲಿ ಎಲ್ಲಕ್ಕೂ ತಲೆಯಾಡಿಸಿದ್ದವರು, ಒಬ್ಬರೇ ಸಿಕ್ಕಾಗ ಹೊಸ ಚಾರ್ಟನ್ನು ನನ್ನತ್ತ ತಿರುಗಿಸಿ ಕೇಳಿದರು: “ಹಂಗಾದ್ರ ನಾ ಮುಂಜಾನೆ ಎದ್ದು ಎಲ್ಲಿಗೆ ಬರಬೇಕು?” ಚಾರ್ಟಿನಲ್ಲಿ ಅವರ ಹೆಸರು ನಿರ್ದೇಶಕರ ಸಾಲಿನಲ್ಲಿತ್ತು, ಅದರ ಕೆಳಗೆ ಒಂದು ಗೆರೆಯೂ ಇಳಿದಿರಲಿಲ್ಲ. ಗಟ್ಟಿತನಕ್ಕೆ ಐದಕ್ಕೆ ಐದು ಅಂಕ ಕೊಟ್ಟದ್ದು ಇದಕ್ಕೊಂದಕ್ಕೇ. ಟೂಲ್ ರೂಮ್ ಮತ್ತು ಹೊಸ ಬಿಡಿಭಾಗಗಳ ಅಭಿವೃದ್ಧಿಯನ್ನು ಸ್ವಂತ ಬಜೆಟ್ ಸಮೇತ ಅವರಿಗೆ ಕೊಡುವವರೆಗೂ ಉಳಿದ ಯಾವ ಚರ್ಚೆಯನ್ನೂ ಮುಂದುವರಿಸಲಿಲ್ಲ.

ಬಲಗಳ ಪಟ್ಟಿ ಏನು ತಡೆಯುತ್ತಿದೆ ಎಂದು ಹೇಳುತ್ತದೆ, ಜನ ಎಷ್ಟು ಸಿದ್ಧರಿದ್ದಾರೆ ಎಂದು ಹೇಳುವುದಿಲ್ಲ. ಅದಕ್ಕೆ ಬೇರೆಯ ಅಳತೆ ಬೇಕು. ಸಂಸ್ಥೆಗಳಲ್ಲಿನ ಬದಲಾವಣೆಯನ್ನು ಅಧ್ಯಯನ ಮಾಡಿದ ಸಂಶೋಧಕ ಬ್ರಯಾನ್ ವೈನರ್ 2009ರಲ್ಲಿ ಸಿದ್ಧತೆಯನ್ನು ಎರಡಾಗಿ ನೋಡಿದ್ದರು: ಮಾಡುವ ಮನಸ್ಸು ಒಂದು, ಮಾಡಬಲ್ಲೆವೆಂಬ ನಂಬಿಕೆ ಇನ್ನೊಂದು. ನಾನು ಆ ಧಾಟಿಯ ಹನ್ನೆರಡು ಹೇಳಿಕೆಗಳನ್ನು ಕನ್ನಡದಲ್ಲಿ ಬರೆದು, ಒಂದರಿಂದ ಐದರವರೆಗೆ ಗುರುತು ಹಾಕಲು ಕೊಟ್ಟೆ. “ನಾವು ಈ ಬದಲಾವಣೆಗೆ ಬದ್ಧರಾಗಿದ್ದೇವೆ” ಎಂಬ ಸಾಲನ್ನು ನಾಲ್ಕು ಜನರ ಮೇಲೆ ಪರೀಕ್ಷಿಸಿದಾಗ ನಾಲ್ವರೂ ಐದನ್ನೇ ಗುರುತಿಸಿದರು. ಅದಕ್ಕೆ ಬೇಡವೆನ್ನಲು ನಮ್ಮಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಆದ್ದರಿಂದ ಹೇಳಿಕೆಗಳನ್ನು ಸಂದರ್ಭಗಳಾಗಿ ತಿರುಗಿಸಿದೆ. ಅವುಗಳಲ್ಲಿ ಮುಖ್ಯವಾದದ್ದು: “ಮಾಲಕರ ಮನೆಯವರು ನೇರವಾಗಿ ಕೆಲಸ ಹೇಳಿದರೆ, ಪ್ಲಾಂಟ್ ಹೆಡ್ ಅವರಿಗೆ ಹೇಳಿರಿ ಎಂದು ನಾನು ಹೇಳಬಲ್ಲೆ.”

ಹಾಳೆ ಹಾಕುವ ಪೆಟ್ಟಿಗೆಯನ್ನು ಮೊದಲು ಆಫೀಸಿನಲ್ಲಿ, ಅದೂ ಕ್ಯಾಮೆರಾದ ಕೆಳಗೆ ಇಟ್ಟಿದ್ದೆ. ಎರಡು ದಿನ ಒಂದು ಹಾಳೆಯೂ ಬೀಳಲಿಲ್ಲ. ಕ್ಯಾಂಟೀನಿಗೆ ಒಯ್ದು, ಬರವಣಿಗೆಯೇ ಇಲ್ಲದೆ ಟಿಕ್ ಮಾತ್ರ ಸಾಕೆಂದು, ಐದಕ್ಕಿಂತ ಕಡಿಮೆ ಜನರ ಗುಂಪಿನ ಉತ್ತರವನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲವೆಂದು ಹೇಳಿದ ಮೇಲೆ 34 ಹಾಳೆಗಳು ಬಂದವು.

ಎಲ್ಲರ ಸರಾಸರಿ ನೋಡಿದರೆ ಧೈರ್ಯವಾಗಿ ಮುಂದುವರಿಯಬಹುದಿತ್ತು. ಆದರೆ ಹನ್ನೆರಡು ಸುಪರ್ವೈಸರುಗಳ ಹಾಳೆಗಳಲ್ಲಿ ಮನಸ್ಸಿನ ಭಾಗಕ್ಕೆ 4.2 ಬಂದಿದ್ದರೆ, ನಂಬಿಕೆಯ ಭಾಗಕ್ಕೆ 2.7 ಬಂದಿತ್ತು. ಬದಲಾವಣೆ ಬೇಕು, ನಡೆಯುತ್ತದೆಂದು ಮಾತ್ರ ಅನ್ನಿಸದು ಎಂಬುದು ಅವರ ಉತ್ತರ. ಆ ಮುಖ್ಯ ಹೇಳಿಕೆಗೆ ಫೌಂಡ್ರಿಯ ಏಳು ಜನರಲ್ಲಿ ಆರು ಜನ ಒಂದು ಅಥವಾ ಎರಡನ್ನು ಗುರುತಿಸಿದ್ದರು. ಮಷಿನ್ ಶಾಪಿನ ಐವರಲ್ಲಿ ಮೂವರು ಮೂರು ಅಥವಾ ಅದಕ್ಕಿಂತ ಹೆಚ್ಚು ಕೊಟ್ಟಿದ್ದರು. ಅದೇ ವಿಷಯವನ್ನು ತಿರುಗಿಸಿ, “ಸುಪರ್ವೈಸರ್ ಹಾಗೆ ಹೇಳಿದರೆ ನನಗೆ ಬೇಸರವಾಗದು” ಎಂದು ಮನೆಯ ನಾಲ್ವರನ್ನು ಕೇಳಿದ್ದೆ. ನಾಲ್ವರೂ ಐದು ಎಂದಿದ್ದರು. ಎರಡೂ ಉತ್ತರಗಳನ್ನು ಒಂದೇ ಹಾಳೆಯಲ್ಲಿ ಬರೆದು ಮುಂದಿಟ್ಟಾಗ ನಡುವಿನವರು “ನಾವೇನ ಅಷ್ಟ ಕೆಟ್ಟವ್ರೇನ?” ಎಂದರು. ಯಾರೂ ಕೆಟ್ಟವರಲ್ಲ. ಇಷ್ಟು ವರ್ಷ ಯಾರೂ ಹಾಗೆ ಹೇಳಿಯೇ ಇರಲಿಲ್ಲವಾದ್ದರಿಂದ, ಹೇಳಿದರೆ ಏನಾಗುತ್ತದೆಂದು ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ.

ಲೆವಿನ್ ಅವರ ಮಾತು ಇಲ್ಲಿ ಕೈಹಿಡಿಯಿತು. ಸುಪರ್ವೈಸರುಗಳಿಗೆ ಧೈರ್ಯದ ತರಬೇತಿ ಕೊಡಿಸುವುದೆಂದರೆ ನೂಕುವ ಬಲವನ್ನು ಹೆಚ್ಚಿಸುವುದು. ಅದರ ಬದಲು, ಬೇಡವೆನ್ನುವ ಭಾರವನ್ನೇ ಅವರ ಹೆಗಲಿನಿಂದ ಇಳಿಸಿದೆವು. ಮಾಲಕರು ನೇರವಾಗಿ ಹೇಳಿದ ಕೆಲಸವನ್ನು ಸುಪರ್ವೈಸರ್ ಮಾಡಲಿ, ಆದರೆ ಕೂಡಲೇ ಪ್ಲಾಂಟ್ ಹೆಡ್ ಅವರಿಗೆ ಒಂದು ಫೋನ್ ಮಾಡಲಿ. ಅವರು ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡು, ಸಂಜೆ ಮಾಲಕರೊಂದಿಗೆ ತಾವೇ ಮಾತಾಡಲಿ. ತಡೆದ ಮಾಲಿಗೆ ಮಾತ್ರ ಈ ಸಡಿಲಿಕೆ ಇರಲಿಲ್ಲ. ಗುಣಮಟ್ಟದವರ ಸಹಿಯಿಲ್ಲದೆ ಗೇಟ್ ಪಾಸ್ ಹೊರಡದು ಎಂದು ಗೇಟಿನಲ್ಲೇ ಕಟ್ಟಿಹಾಕಿದೆವು.

ಹಾಳೆಗಳನ್ನು ಎಣಿಸುವ ಮೊದಲೇ, ಮುಖ್ಯ ಹೇಳಿಕೆಗೆ ವಿಭಾಗದ ಅರ್ಧಕ್ಕಿಂತ ಹೆಚ್ಚು ಸುಪರ್ವೈಸರುಗಳು ಮೂರು ಅಥವಾ ಮೇಲೆ ಕೊಟ್ಟರೆ ಮಾತ್ರ ಅಲ್ಲಿ ಆರಂಭ ಎಂದು ಮಾಲಕರಿಂದ ಬರೆಸಿಕೊಂಡಿದ್ದೆ. ಅದರಂತೆ ಮಷಿನ್ ಶಾಪಿನಲ್ಲಿ ಎಂಟು ವಾರಗಳ ಪ್ರಯೋಗ ನಡೆಯಿತು, ಫೌಂಡ್ರಿ ನಿಂತಿತು. ಡೈರಿಯಲ್ಲಿ ನೇರ ಆದೇಶಗಳು ಮೊದಲ ವಾರ 21, ಮೂರನೆಯ ವಾರ 8, ನಾಲ್ಕನೆಯ ವಾರ ಮತ್ತೆ 17. ಎಲ್ಲ ಕೈತಪ್ಪಿತೆಂದು ಮಗನವರು ಗಾಬರಿಯಾದರು. ಅದು ತಿಂಗಳ ಕೊನೆಯ ಡಿಸ್‌ಪ್ಯಾಚಿನ ವಾರ. ತಿಂಗಳ ಕೊನೆಯನ್ನು ಇನ್ನೊಂದು ತಿಂಗಳ ಕೊನೆಯೊಂದಿಗೇ ಹೋಲಿಸಬೇಕು. ಎಂಟನೆಯ ವಾರ ಅದು 9ಕ್ಕೆ ಇಳಿದಿತ್ತು. ಮಷಿನ್ ಶಾಪಿನ ಚಾರ್ಟ್ ಖಾಯಂ ಆಯಿತು.

ನಾಲ್ಕು ತಿಂಗಳ ಬಳಿಕ ಫೌಂಡ್ರಿಯಲ್ಲಿ ಅದೇ ಹಾಳೆಯನ್ನು ಮತ್ತೆ ಕೊಟ್ಟೆವು. ಮುಖ್ಯ ಹೇಳಿಕೆಗೆ ಏಳರಲ್ಲಿ ಮೂವರು ಮೂರು ಅಥವಾ ಮೇಲೆ ಕೊಟ್ಟಿದ್ದರು. ಒಬ್ಬರಷ್ಟೇ ಕಡಿಮೆ, ಶುರು ಮಾಡೋಣ ಎಂದರು ಮಗನವರು. ದೊಡ್ಡ ಮಾಲಕರು ಹಾಳೆಯನ್ನು ತಾವೇ ಇಸಿದುಕೊಂಡು, ಗುರುತುಗಳನ್ನು ಬೆರಳಿನಿಂದ ಎಣಿಸಿ, “ಏಳರಾಗ ಮೂರು ಅಂದ್ರ ಮೂರ. ದೀಪಾವಳಿ ಹೋಗಲಿ, ತಡಿ” ಎಂದು ನನ್ನ ಕೈಗೆ ಮರಳಿ ಕೊಟ್ಟರು.