ಸೇದುವ ಮುಂಚೆ ಎಷ್ಟು, ಸೇದಿದ ಮೇಲೆ ಎಷ್ಟು

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನನ್ನ ಕೆಲಸ. ಡಿಟಿಪಿ ಮಾಡುತ್ತೇನೆ, ಪ್ರೂಫ್ ನೋಡುತ್ತೇನೆ, ಪ್ಲೇಟಿಗೆ ಕಳಿಸುತ್ತೇನೆ. ಲಗ್ನದ ಸೀಸನ್ನಿನಲ್ಲಿ ಪತ್ರಿಕೆಯ ಮೇಲೆ ಪತ್ರಿಕೆ. ಮುಹೂರ್ತದ ಒಂದು ಅಂಕಿ ತಪ್ಪಿದರೂ ಐನೂರು ಕಾರ್ಡು ರದ್ದಿಗೆ ಹೋಗುತ್ತವೆ, ಮೇಲೆ ಬೀಗರ ಬೈಗುಳ. ಹಾಗಾಗಿ ನನಗೆ ಟೆನ್ಶನ್ ಇದೆ, ಟೆನ್ಶನ್ ಇರುವುದಕ್ಕೇ ಸಿಗರೇಟು ಸೇದುತ್ತೇನೆ ಅಂತ ಹದಿನಾಲ್ಕು ವರ್ಷ ನಂಬಿದ್ದೆ. ದಿನಕ್ಕೆ ಹನ್ನೆರಡು, ಸೀಸನ್ನಿನಲ್ಲಿ ಹದಿನೈದು.

ಡಾಕ್ಟರ ಹತ್ತಿರ ಹೋಗಿದ್ದು ಸಿಗರೇಟು ಬಿಡುವುದಕ್ಕಲ್ಲ, ಬಸ್ಸಿನ ಗಾಬರಿಗೆ. ಪೇಪರ್ ತರಲು ತಿಂಗಳಿಗೆ ಎರಡು ಮೂರು ಸಲ ಹುಬ್ಬಳ್ಳಿಗೆ ಹೋಗಬೇಕು. ಅಣ್ಣಿಗೇರಿ ದಾಟಿದ ಮೇಲೆ ಎದೆ ಢವಢವ ಶುರು. ಕೈ ಬೆವರುತ್ತಿತ್ತು, ಸೀಟಿನಲ್ಲಿ ಕೂರಲು ಆಗುತ್ತಿರಲಿಲ್ಲ. ಬಸ್ಸು ಯಾವಾಗ ನಿಂತೀತೋ ಅನ್ನಿಸುತ್ತಿತ್ತು. ಇಳಿದು, ಒಂದು ಸಿಗರೇಟು ಸೇದಿ, ಚಹಾ ಕುಡಿದರೆ ಎಲ್ಲ ಸರಿ. ನನಗೆ ಬಸ್ಸಿನ ಭಯ ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿದ್ದರು. ನಾನೂ ಮಾಡಿದ್ದೆ.

ಧಾರವಾಡದ ಮನೋವೈದ್ಯರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಬಸ್ ಹತ್ತೂ ಮುಂದ ಸೇದಿದ್ದು ಎಷ್ಟೊತ್ತಿಗೆ? ಇಳಿದ ಮ್ಯಾಲೆ ಎಷ್ಟೊತ್ತಿಗೆ?" ಗಡಿಯಾರ ನೋಡಿ ಸೇದಿದವನು ಯಾರಿದ್ದಾನೆ? ಗೊತ್ತಿಲ್ಲ ಅಂದೆ. "ಹಂಗಾದ್ರ ನಾಕು ದಿನ ಬರೀರಿ. ಗುಳಗಿ ಆಮ್ಯಾಲೆ ನೋಡೂಣು" ಅಂದರು.

ಬರೆಯಬೇಕಾದದ್ದು ಇಷ್ಟು. ಪ್ರತಿ ಸಿಗರೇಟಿಗೆ ಮುಂಚೆ ಕಳವಳ ಹತ್ತಕ್ಕೆ ಎಷ್ಟು, ಸೇದಿ ಹತ್ತು ನಿಮಿಷದ ಮೇಲೆ ಎಷ್ಟು, ಹಿಂದಿನ ಸಿಗರೇಟಿನಿಂದ ಎಷ್ಟು ಹೊತ್ತಾಗಿದೆ, ಮತ್ತು ಆ ಹೊತ್ತಿಗೆ ನಿಜವಾಗಿ ಏನಾದರೂ ತೊಂದರೆ ಇತ್ತಾ. ಪ್ರೂಫ್ ಹಾಳೆಯ ಹಿಂಬದಿಯಲ್ಲೇ ಗೆರೆ ಎಳೆದುಕೊಂಡೆ. ಮಷಿನ್ ನೋಡಿಕೊಳ್ಳುವ ಬಸಣ್ಣ ಇದನ್ನು ನೋಡಿ, "ಅಣ್ಣಾ, ನಾನೂ ಬರೀಲೇನು? ನನಗೇನ್ ಟೆನ್ಶನ್ ಇಲ್ಲಂತ ತಿಳಕೊಂಡೀರೇನು?" ಅಂದ. ಅವನು ಬೀಡಿ, ಸಿಗರೇಟು, ಗುಟಕಾ ಏನೂ ಮುಟ್ಟದವನು. ಗಂಟೆಗೊಂದು ಅಂಕಿ ಅವನೂ ಬರೆದ.

ಮಂಗಳವಾರದ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಬೆಳಗ್ಗೆ ಏಳಕ್ಕೆ ಎದ್ದಾಗ 6. ಯಾವ ಕೆಲಸವೂ ಇಲ್ಲ, ಯಾರ ಫೋನೂ ಬಂದಿಲ್ಲ, ಆದರೂ 6. ಒಂದು ಸಿಗರೇಟು ಸೇದಿದ ಮೇಲೆ 3. ಒಂಬತ್ತಕ್ಕೆ ಮತ್ತೆ 5, ಸೇದಿದ ಮೇಲೆ 3. ಹನ್ನೊಂದೂವರೆಗೆ ಒಬ್ಬ ಗಿರಾಕಿ ಜಾಸ್ತಿ ಹೊತ್ತು ಕೂತುಬಿಟ್ಟ, ಹೊರಗೆ ಹೋಗಲಾಗಲಿಲ್ಲ. ಆಗ 7. ಸೇದಿದ ಮೇಲೆ 3. ದಿನವಿಡೀ ಹೀಗೇ ಗರಗಸದ ಹಲ್ಲಿನ ಹಾಗೆ ಏರುತ್ತ ಇಳಿಯುತ್ತ ಹೋಗಿದೆ. ಕೆಲಸದ ತೊಂದರೆಗೂ ಅಂಕಿಗೂ ಸಂಬಂಧ ಕಾಣಲಿಲ್ಲ. ಹಿಂದಿನ ಸಿಗರೇಟಿನಿಂದ ಎಷ್ಟು ಹೊತ್ತಾಗಿದೆ ಅನ್ನುವುದಕ್ಕೆ ಮಾತ್ರ ಸಂಬಂಧ ಇತ್ತು. ರಜೆಯಿದ್ದ ಭಾನುವಾರವೂ ಅದೇ ಗರಗಸ.

ಬಸಣ್ಣನ ಹಾಳೆ ನೋಡಿದಾಗಲೇ ನಾನು ತಣ್ಣಗಾದದ್ದು. ಅವನದು ದಿನವೆಲ್ಲ 2, 3, 2. ಬುಧವಾರ ಮಷಿನಿನಲ್ಲಿ ಪೇಪರ್ ಸಿಕ್ಕಿಕೊಂಡಾಗ 7ಕ್ಕೆ ಏರಿದೆ. ಅರ್ಧ ಗಂಟೆಯಲ್ಲಿ ತಾನಾಗಿ 3ಕ್ಕೆ ಬಂದಿದೆ. ಸಿಗರೇಟು ಸೇದಿ ನಾನು ತಲುಪುತ್ತಿದ್ದ 3, ಅವನು ಏನೂ ಸೇದದೆ ಇಡೀ ದಿನ ಕೂತಿದ್ದ 3. ಹನ್ನೆರಡು ಸಿಗರೇಟಿನ ದುಡ್ಡು ಕೊಟ್ಟು ನಾನು ಕೊಳ್ಳುತ್ತಿದ್ದದ್ದು ಅವನ ಹತ್ತಿರ ಪುಕ್ಕಟೆ ಇತ್ತು.

ಡಾಕ್ಟರು ಹಾಳೆ ನೋಡಿ ಕಾರಣ ವಿವರಿಸಿದರು. ಹೊಗೆಯಲ್ಲಿನ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ. ಅಲ್ಲಿ ಅದಕ್ಕೆ ಅಂಟಿಕೊಳ್ಳುವ ಜಾಗಗಳಿವೆ. ವರ್ಷಗಟ್ಟಲೆ ಸೇದಿದಂತೆ ಆ ಜಾಗಗಳ ಸಂಖ್ಯೆ ಹೆಚ್ಚುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧವಾಗುತ್ತದೆ, ಆಗ ಆ ಜಾಗಗಳು ಖಾಲಿಯಾಗುತ್ತವೆ. ಹಾಗೆ ಖಾಲಿಯಾದಾಗ ಆಗುವುದು ಚಡಪಡಿಕೆ, ಸಿಟ್ಟು, ಗಮನ ನಿಲ್ಲದಿರುವುದು, ಎದೆಯಲ್ಲಿ ಕಳವಳ. ನಾವು ಇದನ್ನೇ ತಲಬು ಅನ್ನುತ್ತೇವೆ. ತಲಬಿನ ಕಳವಳಕ್ಕೂ ನಿಜವಾದ ಚಿಂತೆಯ ಕಳವಳಕ್ಕೂ ಒಳಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಮನಸ್ಸು ಕೈಗೆ ಸಿಕ್ಕಿದ ಕಾರಣವನ್ನು ಅದಕ್ಕೆ ಕಟ್ಟುತ್ತದೆ. ನಾನು ಬಸ್ಸನ್ನು ಕಟ್ಟಿದ್ದೆ. ರಾತ್ರಿ ಏಳೆಂಟು ಗಂಟೆ ಸೇದದೆ ಮಲಗಿ ಎದ್ದವನಿಗೆ ಬೆಳಗಿನ 6 ಎಲ್ಲಿಂದ ಬಂತು ಅನ್ನುವುದೂ ತಿಳಿಯಿತು.

ಮೊದಲು ನಾನು ಮಾಡಿದ್ದು ಹನ್ನೆರಡನ್ನು ಐದಕ್ಕೆ ಇಳಿಸುವುದು. ಕೆಲವರಿಗೆ ಈ ದಾರಿ ಒಗ್ಗುತ್ತದಂತೆ, ನನಗೆ ಆಗಲಿಲ್ಲ. ಎರಡರ ನಡುವಿನ ಹೊತ್ತು ಜಾಸ್ತಿಯಾಯಿತು, ಅಂಕಿ 8ರ ತನಕ ಏರತೊಡಗಿತು. ಆ ಐದು ಸಿಗರೇಟಿನ ರುಚಿಯೂ ಏರಿತು, ದಮ್ಮು ಇನ್ನೂ ಆಳಕ್ಕೆ ಎಳೆಯತೊಡಗಿದೆ. ಇಡೀ ದಿನ ಮುಂದಿನದನ್ನೇ ಕಾಯುತ್ತ ಕೂತಿರುತ್ತಿದ್ದೆ. ಎರಡು ವಾರದ ಮೇಲೆ ಇದು ಬೇಡ, ಒಂದು ದಿನ ಗೊತ್ತುಮಾಡಿ ಪೂರ್ತಿ ಬಿಡುತ್ತೇನೆ ಅಂದೆ.

ಎದ್ದು ಅರ್ಧ ಗಂಟೆಯೊಳಗೆ ಮೊದಲನೆಯದು ಸೇದುತ್ತಿದ್ದೆನಲ್ಲ, ಅದಕ್ಕೆ ಡಾಕ್ಟರು 4 ಮಿಲಿಗ್ರಾಂ ನಿಕೋಟಿನ್ ಗಮ್ ಬರೆದುಕೊಟ್ಟರು. ಅಷ್ಟು ಬೇಗ ಬೇಕಾಗದವರಿಗೆ 2 ಮಿಲಿಗ್ರಾಂ ಸಾಕು. ಮೊದಲ ದಿನವೇ ಎಡವಿದೆ. ಮಕ್ಕಳ ಬಬಲ್ ಗಮ್ಮಿನ ಹಾಗೆ ಜಗಿದುಬಿಟ್ಟೆ. ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆ ತೊಳಸು, ಎದೆ ಢವಢವ. ಇದೂ ಗಾಬರಿಯೇ ಅಂದುಕೊಂಡು ಇನ್ನೊಂದನ್ನು ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದೆ. ನಿಕೋಟಿನ್ ಒಮ್ಮೆಲೇ ಜಾಸ್ತಿ ಬಿಟ್ಟುಕೊಂಡರೆ ಹೀಗಾಗುತ್ತದೆ. ಸರಿಯಾದ ರೀತಿ ಬೇರೆ. ಖಾರ ಚುಮುಚುಮು ಅನ್ನುವವರೆಗೆ ನಿಧಾನ ಜಗಿದು, ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿ ಇಡಬೇಕು. ಚುಮುಚುಮು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು, ಇನ್ನೊಂದು ಕಡೆ ಇಡಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಹದಿನೈದು ನಿಮಿಷ ಮುಂಚೆಯಿಂದ ಚಹಾ, ಕಾಫಿ, ಸೋಡಾ ಏನೂ ಕುಡಿಯಬಾರದು. ಕುಡಿದರೆ ಬಾಯಿಯ ಒಳಪದರ ನಿಕೋಟಿನ್ ಅನ್ನು ಸರಿಯಾಗಿ ಹೀರುವುದಿಲ್ಲ. ತಲಬು ಬಂದ ಮೇಲೆ ಗಮ್ ಹುಡುಕಿದರೆ ತಡವಾಗುತ್ತದೆ. ಅದಕ್ಕೆ ಶುರುವಿನ ವಾರಗಳಲ್ಲಿ ಎರಡು ಗಂಟೆಗೊಂದು ಅಂತ ಗಡಿಯಾರ ನೋಡಿಯೇ ತೆಗೆದುಕೊಂಡೆ.

ಮೂರನೆಯ ದಿನ ಎಲ್ಲಕ್ಕಿಂತ ಕೆಟ್ಟದು. ಇದು ನನ್ನೊಬ್ಬನದಲ್ಲ, ಹೆಚ್ಚಿನವರಿಗೆ ಮೊದಲ ಎರಡು ಮೂರು ದಿನವೇ ಜೋರು, ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆ ದಿನ ಮನೆಯಲ್ಲಿ ರೊಟ್ಟಿ ಸುಡುವ ವಾಸನೆಗೂ ಸಿಟ್ಟು ಬಂತು. ಹೆಂಡತಿ ಸುಮ್ನೆ ಸಿಗರೇಟು ಪ್ಯಾಕಿನ ಮೇಲಿದ್ದ ನಂಬರ್ 1800-11-2356ಕ್ಕೆ ಫೋನ್ ಹಚ್ಚಿ ನನ್ನ ಕಿವಿಗಿಟ್ಟಳು. ಮಾತಾಡಿದವರು ಒಂದು ಉಪಾಯ ಹೇಳಿದರು. ತಲಬು ಬಂದಾಗ ಅದರ ಜೊತೆ ಜಗಳ ಬೇಡ, ಗಡಿಯಾರ ಹಚ್ಚಿ ನೋಡಿರಿ. ನೋಡಿದೆ. ಒಂದು ಅಲೆ ನಾಲ್ಕು ನಿಮಿಷ, ಇನ್ನೊಂದು ಆರು. ಹತ್ತು ದಾಟಿದ್ದು ಒಂದೂ ಇಲ್ಲ. ಒಳಗಿನಿಂದ ನೋಡಿದರೆ ಅದಕ್ಕೆ ಕೊನೆಯೇ ಇಲ್ಲ ಅನ್ನಿಸುತ್ತಿತ್ತು.

ಒಂದು ವಾರದ ಮೇಲೆ ವಿಚಿತ್ರ ಆಯಿತು. ತಲಬು ಕಡಿಮೆ, ಆದರೆ ಕೈ ಸಣ್ಣಗೆ ನಡುಗುತ್ತಿತ್ತು, ರಾತ್ರಿ ಎರಡರವರೆಗೆ ನಿದ್ದೆಯಿಲ್ಲ. ಈಗ ಹೊರಗೆ ಬಂತು ನೋಡು ನನ್ನ ಅಸಲಿ ಕಾಯಿಲೆ, ಇಷ್ಟು ದಿನ ಸಿಗರೇಟು ಅದನ್ನು ಮುಚ್ಚಿಟ್ಟಿತ್ತು ಅಂತ ನನಗೆ ಖಾತ್ರಿಯಾಗಿ, ಮತ್ತೆ ಧಾರವಾಡಕ್ಕೆ ಹೋದೆ. ಡಾಕ್ಟರು ಕೇಳಿದರು, "ಚಹಾ ಎಷ್ಟು ಕುಡೀತೀರಿ?" ಎಂಟು ಕಪ್. ಸಿಗರೇಟಿನ ಜೊತೆ ಒಂದೊಂದು ಇತ್ತಲ್ಲ, ಸಿಗರೇಟು ಹೋದರೂ ಚಹಾ ಉಳಿದಿತ್ತು.

ಹೊಗೆಯಲ್ಲಿನ ಟಾರು ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡಿಡುತ್ತದೆ. ಚಹಾದ ಕೆಫೀನ್ ಅನ್ನು ಕರಗಿಸುವುದೂ ಅದೇ ಕಿಣ್ವ. ಸೇದುವವನ ಮೈಯಿಂದ ಕೆಫೀನ್ ಬೇಗ ಹೋಗುತ್ತದೆ, ಹಾಗಾಗಿ ಎಂಟು ಕಪ್ ಕುಡಿದರೂ ನಡೆಯುತ್ತದೆ. ಸೇದುವುದು ನಿಂತ ಕೆಲವೇ ದಿನದಲ್ಲಿ ಕಿಣ್ವ ಮೊದಲಿನ ನಿಧಾನಕ್ಕೆ ಮರಳುತ್ತದೆ. ಅದೇ ಎಂಟು ಕಪ್ ಈಗ ಹೆಚ್ಚುಕಡಿಮೆ ಇಮ್ಮಡಿಯ ಹಾಗೆ ಏರುತ್ತದೆ. ಇದಕ್ಕೆ ಗಮ್ಮಿನಿಂದ ಉಪಯೋಗವಿಲ್ಲ, ಯಾಕೆಂದರೆ ಕಿಣ್ವವನ್ನು ಚುರುಕು ಮಾಡುವುದು ಹೊಗೆ, ನಿಕೋಟಿನ್ ಅಲ್ಲ. "ಚಹಾ ಅರ್ಧಾ ಮಾಡ್ರಿ, ನಾಕು ಗಂಟೆ ಮ್ಯಾಲೆ ಬ್ಯಾಡ" ಅಂದರು. ನಾಲ್ಕು ಕಪ್ಪಿಗೆ ಬಂದೆ. ನಾಲ್ಕೈದು ದಿನದಲ್ಲಿ ನಡುಕ ಹೋಯಿತು. ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು, ಉದಾಹರಣೆಗೆ ಕ್ಲೋಜಪಿನ್, ಒಲಾಂಜಪಿನ್, ಇದೇ ದಾರಿಯಲ್ಲಿ ಹೋಗುತ್ತವಂತೆ. ಅವನ್ನು ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮುಂಚೆ ತಮ್ಮ ಡಾಕ್ಟರಿಗೆ ಹೇಳಲೇಬೇಕು, ಡೋಸು ಬದಲಾಗಬಹುದು.

ಗಮ್ಮನ್ನು ನಿಧಾನ ಇಳಿಸುತ್ತ ಮೂರನೆಯ ತಿಂಗಳು ಬಿಟ್ಟೆ. ಅದಾಗಿ ಒಂದು ತಿಂಗಳಿಗೆ ಒಂದು ಪತ್ರಿಕೆಯ ಮುಹೂರ್ತ 10-45ರ ಬದಲು 10-54 ಅಂತ ಅಚ್ಚಾಗಿಬಿಟ್ಟಿತು. ಹುಡುಗಿಯ ಕಾಕಾ ಪ್ರೆಸ್ಸಿನ ಬಾಗಿಲಲ್ಲೇ ನಿಂತು ಬೈದ. ಅವನು ಹೋದ ಮೇಲೆ ಚಾದಂಗಡಿಗೆ ಹೋಗಿ ಒಂದು ಬಿಡಿ ಸಿಗರೇಟು ತಗೊಂಡೆ. ಅಭ್ಯಾಸ ಬಲ, ಮುಂಚೆ ಅಂಕಿ ಬರೆದೆ: 7. ನಾಡಿ 84. ಅರ್ಧ ಸೇದುವಷ್ಟರಲ್ಲಿ ತಲೆ ಗಿರ್ರ್ ಅಂತು. ಸೇದಿದ ಮೇಲೆ 8, ನಾಡಿ 102. ಇಳಿಯಲು ತಲಬೇ ಇರಲಿಲ್ಲ, ಹಾಗಾಗಿ ಏನೂ ಇಳಿಯಲಿಲ್ಲ. ನಿಕೋಟಿನ್ ಎದೆಬಡಿತ ಏರಿಸುವ ವಸ್ತು, ಅದು ತನ್ನ ಕೆಲಸ ಮಾಡಿತು. ಆ ಹಾಳೆಯನ್ನೂ ಇಟ್ಟುಕೊಂಡಿದ್ದೇನೆ.

ಹಾಗಂತ ಎಲ್ಲ ಕಳವಳ ಹೋಗಿಲ್ಲ. ಅಚ್ಚಿನ ತಪ್ಪಿನ ಭಯ ಹಾಗೇ ಇದೆ. ಅದು ನಿಜವಾಗಿ ನನ್ನದೇ, ಅದಕ್ಕೆ ಡಾಕ್ಟರು ಬೇರೆ ಚಿಕಿತ್ಸೆ ಶುರು ಮಾಡಿದ್ದಾರೆ. ಮೊದಲು ಎರಡೂ ಒಂದರಲ್ಲೊಂದು ಕಲೆತು ಯಾವುದು ಯಾವುದು ಅಂತ ತಿಳಿಯುತ್ತಿರಲಿಲ್ಲ. ಈಗ ಪ್ರತಿ ಪತ್ರಿಕೆಯ ಮುಹೂರ್ತವನ್ನು ಬಸಣ್ಣ ಗಟ್ಟಿಯಾಗಿ ಓದುತ್ತಾನೆ, ಗಿರಾಕಿ ಬರೆದುಕೊಟ್ಟ ಚೀಟಿ ಜೊತೆ ನಾನು ತಾಳೆ ನೋಡುತ್ತೇನೆ.

ಹೋದ ವಾರ ಪೇಪರ್ ತರಲು ಹುಬ್ಬಳ್ಳಿಗೆ ಹೊರಟಿದ್ದೆ. ಅಣ್ಣಿಗೇರಿ ಬಂದದ್ದೇ ಗೊತ್ತಾಗಲಿಲ್ಲ. "ಏಳ್ರೀ, ಹುಬ್ಬಳ್ಳಿ ಬಂತು" ಅಂತ ಕಂಡಕ್ಟರ್ ಭುಜ ಅಲುಗಾಡಿಸಿದಾಗ ಎಚ್ಚರ.