ಕಕ್ಕುವ ಮಗುವಿಗೂ ಓಆರ್‌ಎಸ್ ಇಳಿಯುತ್ತದೆ: ನನ್ನ ಅನುಭವ

"ಸಿಸ್ಟರ್, ಏನು ಕುಡಿಸಿದರೂ ಕಕ್ಕಿಬಿಡುತ್ತೆ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿಬಿಡಿ." ಭೇದಿಯಾದ ಮಗುವನ್ನು ಎತ್ತಿಕೊಂಡು ಬರುವವರು ಮೊದಲು ಹೇಳುವ ಮಾತು ಇದೇ. ಅಜ್ಜಿಯಂದಿರಿಗಂತೂ ಬಾಟ್ಲಿ ಏರಿಸದಿದ್ದರೆ ಚಿಕಿತ್ಸೆಯೇ ಆಗಲಿಲ್ಲವೆಂಬ ಭಾವನೆ. ಆರೋಗ್ಯ ಕೇಂದ್ರದಲ್ಲಿ ಓಆರ್‌ಎಸ್ ಕುಡಿಸುವ ಕೆಲಸ ನೋಡಿಕೊಳ್ಳುವ ನಾನು ಆಗ ಕೈಗೆತ್ತಿಕೊಳ್ಳುವುದು ಒಂದು ಚಮಚ ಮತ್ತು ಗೋಡೆ ಗಡಿಯಾರ. ಹಾಗೆ ಕೂತ ತಾಯಂದಿರಲ್ಲಿ ಹೆಚ್ಚಿನವರು ಸೂಜಿ ಚುಚ್ಚಿಸದೆಯೇ ಮಗುವನ್ನು ಮನೆಗೆ ಕರೆದುಕೊಂಡು ಹೋಗಿದ್ದಾರೆ. ಈ ಮಾತನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮಗು ಕಕ್ಕುವುದಕ್ಕೆ ಬಹಳ ಸಲ ಕುಡಿಸುವ ರೀತಿಯೇ ಕಾರಣ. ಬಾಯಾರಿದ ಮಗು ಲೋಟ ಕಂಡರೆ ಗಟಗಟ ಕುಡಿಯುತ್ತದೆ, ಕೆರಳಿದ ಹೊಟ್ಟೆ ಒಮ್ಮೆಗೇ ಅಷ್ಟನ್ನೂ ಹೊರಗೆ ಹಾಕುತ್ತದೆ. ಬಾಟಲಿಗೆ ನಿಪ್ಪಲ್ ಹಾಕಿ ಕೊಟ್ಟರೂ ಹೀಗೆಯೇ ಆಗುತ್ತದೆ, ಜೊತೆಗೆ ನಿಪ್ಪಲ್ಲಿನ ಕೊಳೆ ಬೇರೆ. ಅದೇ ನೀರನ್ನು 5 ಎಂ.ಎಲ್. ಚಮಚದಲ್ಲಿ ಒಂದೆರಡು ನಿಮಿಷಕ್ಕೊಮ್ಮೆ ಕೊಟ್ಟರೆ ನಿಲ್ಲುತ್ತದೆ. ಮಗುವನ್ನು ತೊಡೆಯ ಮೇಲೆ ಸ್ವಲ್ಪ ಎತ್ತಿ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಚಮಚ ತಾಗಿಸಿ ನಿಧಾನವಾಗಿ ಬಿಡಬೇಕು. ನಡುವೆ ಕಕ್ಕಿದರೆ ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ಎರಡು ಮೂರು ನಿಮಿಷಕ್ಕೊಂದರಂತೆ ಮತ್ತೆ ಶುರು ಮಾಡಬೇಕು. ಕಕ್ಕಿದ್ದು ಎಷ್ಟೇ ಹೆಚ್ಚು ಕಂಡರೂ ಒಳಗೆ ಸ್ವಲ್ಪ ಉಳಿದೇ ಇರುತ್ತದೆ. ತುಟಿ ಬಿಗಿಹಿಡಿಯುವ ಎರಡು ವರ್ಷದ ಹಠಮಾರಿಗಳಿಗೆ ನನ್ನದೊಂದು ಉಪಾಯವಿದೆ. ಅದನ್ನು ಎದುರಿಗೆ ಕೂರಿಸಿಕೊಂಡು ತೋರಿಸುತ್ತೇನೆ, ಬರೆದು ಹೇಳಿದರೆ ಬರುವಂಥದ್ದಲ್ಲ.

ಲೆಕ್ಕ ಹೀಗಿದೆ. 8 ಕೆ.ಜಿ. ತೂಕದ, ಹತ್ತು ತಿಂಗಳ ಮಗು ಎಂದುಕೊಳ್ಳಿ. ಕಣ್ಣು ಒಳಗೆ ಹೋಗಿದೆ, ಕಿರಿಕಿರಿ ಮಾಡುತ್ತಿದೆ, ಚಮಚ ಕಂಡರೆ ಬಾಯಿ ಚಾಚುತ್ತದೆ. ಇದು ಮೈಯ ನೀರು ಕಡಿಮೆಯಾಗಿರುವ ಸ್ಥಿತಿ. ಇಂಥ ಮಗುವಿಗೆ ಕೆ.ಜಿ.ಗೆ 75 ಎಂ.ಎಲ್.ನಂತೆ 600 ಎಂ.ಎಲ್. ಓಆರ್‌ಎಸ್ ನಾಲ್ಕು ಗಂಟೆಯಲ್ಲಿ ಒಳಗೆ ಹೋಗಬೇಕು. 600 ಎಂ.ಎಲ್. ಎಂದರೆ 120 ಚಮಚ, ನಾಲ್ಕು ಗಂಟೆ ಎಂದರೆ 240 ನಿಮಿಷ. ಎರಡು ನಿಮಿಷಕ್ಕೊಂದು ಚಮಚ ಬಿದ್ದರೆ ಸರಿಯಾಗಿ ಮುಗಿಯುತ್ತದೆ. ತಾಯಿಯೊಬ್ಬಳೇ ಇದನ್ನು ಮಾಡಲಾರಳು. ಅಪ್ಪನೋ ಅತ್ತೆಯೋ ಸರದಿಗೆ ಕೂರಬೇಕು. ನಡುನಡುವೆ ಎದೆಹಾಲು ಕೊಡುತ್ತಲೇ ಇರಬೇಕು. ಈ ನಾಲ್ಕು ಗಂಟೆಯನ್ನು ಆರೋಗ್ಯ ಕೇಂದ್ರದಲ್ಲಿ ಕಳೆಯಿರಿ, ಏಕೆಂದರೆ ಕೊನೆಯಲ್ಲಿ ಮಗುವನ್ನು ಮತ್ತೆ ಪರೀಕ್ಷಿಸಲೇಬೇಕು. ಕೇಂದ್ರ ದೂರವಿದ್ದರೆ ಮನೆಯಲ್ಲೇ ಶುರುಮಾಡಿ, ದಾರಿಯುದ್ದಕ್ಕೂ ಕುಡಿಸುತ್ತ ಬನ್ನಿ. ಕಣ್ಣಿನ ರೆಪ್ಪೆ ಊದಿಕೊಂಡಂತೆ ಕಂಡರೆ ಓಆರ್‌ಎಸ್ ಹೆಚ್ಚಾಗಿದೆ ಎಂದರ್ಥ. ಅದನ್ನು ನಿಲ್ಲಿಸಿ ಎದೆಹಾಲು ಮತ್ತು ಬರೀ ನೀರು ಕೊಡಿ, ಸಿಸ್ಟರಿಗೆ ತೋರಿಸಿ. ತೀರಾ ಬಡಕಲಾಗಿರುವ ಅಥವಾ ಪಾದ ಊದಿರುವ ಮಗುವಿಗೆ ಈ 75ರ ಲೆಕ್ಕ ಹಾಕಲೇಬೇಡಿ. ಅವರ ಚಿಕಿತ್ಸೆ ಬೇರೆ, ಅದು ಆಸ್ಪತ್ರೆಯಲ್ಲೇ ಆಗಬೇಕು.

ಭೇದಿಯಿದ್ದರೂ ಚಟುವಟಿಕೆಯಿಂದಿರುವ ಮಗುವಿಗೆ ಇಷ್ಟು ಬೇಡ. ಪ್ರತಿ ಸಲ ನೀರಾಗಿ ಹೋದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಎಂ.ಎಲ್., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಎಂ.ಎಲ್. ಸಾಕು.

ಇನ್ನು ಕಲಸುವ ವಿಷಯ. ತಪ್ಪು ಹೆಚ್ಚಾಗಿ ನಡೆಯುವುದು ನೀರಿನ ಅಳತೆಯಲ್ಲಿ. ದೊಡ್ಡ ಪ್ಯಾಕೆಟ್ ಒಂದು ಲೀಟರಿನದು, ಚಿಕ್ಕದು 200 ಎಂ.ಎಲ್.ನದು, ಮೊದಲು ಅದನ್ನು ಓದಿ. "ಐದು ಲೋಟ ನೀರು" ಎಂದು ಹೇಳುವುದನ್ನು ನಾನು ಬಿಟ್ಟಿದ್ದೇನೆ. ಅಕ್ಕಪಕ್ಕದ ಮನೆಗಳ ಲೋಟಗಳನ್ನು ತರಿಸಿ ಅಳೆದಾಗ ಕಾಫಿ ಲೋಟ 100 ಎಂ.ಎಲ್. ಆಸುಪಾಸಿನಲ್ಲೂ ನೀರಿನ ಲೋಟ 300ರ ಹತ್ತಿರವೂ ಇದ್ದವು. ಹಾಲಿನ ಪ್ಯಾಕೆಟ್ ಬರುವ ಮನೆಗಳಿಗೆ ನಾನು ಹೇಳುವ ದಾರಿ ಸುಲಭ. ಬೆಳಗ್ಗೆ ಅರ್ಧ ಲೀಟರಿನ ಎರಡು ನಂದಿನಿ ಪ್ಯಾಕೆಟ್‌ಗಳನ್ನು ಒಂದು ಪಾತ್ರೆಗೆ ಸುರಿದು, ಹಾಲು ನಿಂತ ಮಟ್ಟಕ್ಕೆ ಮೊಳೆಯಿಂದ ಗೀರಿಡಿ. ಅದೇ ಒಂದು ಲೀಟರ್. ಪ್ಯಾಕೆಟ್ ಮೇಲೆ 500 ಎಂ.ಎಲ್. ಎಂದಿದೆಯೇ ನೋಡಿಕೊಳ್ಳಿ, 2024ರಲ್ಲಿ ಕೆಲವು ತಿಂಗಳು 550 ಎಂ.ಎಲ್. ಬರುತ್ತಿತ್ತು. ಹಾಲು ಕೊಳ್ಳದವರು ಒಂದು ಲೀಟರಿನ ನೀರಿನ ಬಾಟಲಿಯಿಂದ ಗುರುತು ಮಾಡಿಕೊಳ್ಳಬಹುದು.

ಕೈಯನ್ನು ಸೋಪಿನಿಂದ ತೊಳೆದು, ಕುದಿಸಿ ಆರಿಸಿದ ನೀರನ್ನು ಗೀರಿನವರೆಗೆ ತುಂಬಿ ಒಂದು ಲೀಟರಿನ ಪ್ಯಾಕೆಟ್ ಪೂರ್ತಿ ಸುರಿದು ತಿರುಗಿಸಿ. ಕುದಿಸುವುದೆಲ್ಲ ಮೊದಲೇ ಆಗಬೇಕು, ಕಲಸಿದ ಮೇಲೆ ಒಲೆಗೆ ಇಡಬಾರದು. ಮುಚ್ಚಿಟ್ಟು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ. ಚೆಲ್ಲಲು ಮನಸ್ಸು ಬಾರದೆ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಲೋಟಕ್ಕೆ ಹಾಕುವವರು ಬಹಳ. ಪ್ಯಾಕೆಟ್ಟಿನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಮ್ ಮತ್ತು ಸಿಟ್ರೇಟ್ ಲವಣಗಳು ಇರುತ್ತವೆ. ಒಂದು ಚಿಟಿಕೆಯಲ್ಲಿ ಇವು ಅದೇ ಪ್ರಮಾಣದಲ್ಲಿ ಬರುವ ಭರವಸೆಯಿಲ್ಲ, ನೀರು ಎಷ್ಟೆಂಬುದೂ ಅಂದಾಜೇ. ಗಟ್ಟಿಯಾದರೆ ಮೈಯಲ್ಲಿ ಉಪ್ಪು ಏರಿ ಮಗುವಿಗೆ ಫಿಟ್ಸ್ ಬರಬಹುದು. ತೆಳ್ಳಗಾದರೆ ಹೋದ ಉಪ್ಪು ತುಂಬುವುದಿಲ್ಲ. ರುಚಿಗೆಂದು ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಸೇರಿಸಿದರೆ ಭೇದಿ ಹೆಚ್ಚುತ್ತದೆ, ಏಕೆಂದರೆ ಹೆಚ್ಚಾದ ಸಕ್ಕರೆ ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ. ತಂಪಾಗಿರುವುದನ್ನು ಮಕ್ಕಳು ಹೆಚ್ಚು ಒಪ್ಪುತ್ತಾರೆ, ಹಾಗಾಗಿ ಪಾತ್ರೆಯನ್ನು ನೀರಿನ ಬೋಗುಣಿಯಲ್ಲಿಟ್ಟು ತಣಿಸಿ ಕೊಡುತ್ತೇನೆ. ರುಚಿಗೆ ನಾನು ಮಾಡುವುದು ಇಷ್ಟೇ.

ಪ್ಯಾಕೆಟ್ ಸಿಗದ ರಾತ್ರಿಗೆ ಮನೆಯದ್ದು ಆಗುತ್ತದೆ. ಒಂದು ಲೀಟರ್ ನೀರಿಗೆ 5 ಎಂ.ಎಲ್. ಚಮಚದಲ್ಲಿ ತಲೆ ಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಪುಡಿ ಉಪ್ಪು. ಅಡುಗೆಮನೆಯ ಚಮಚ ಬೇಡ, ಸಿರಪ್ ಜೊತೆ ಬರುವ ಅಳತೆ ಚಮಚ ಬಳಸಿ. ಹರಳುಪ್ಪನ್ನೂ ತೂಗಿ ನೋಡಿದ್ದೇನೆ. ಹರಳಿನ ಗಾತ್ರ ಬದಲಾದಂತೆ ತೂಕವೂ ಬದಲಾಗುತ್ತದೆ, ಅದನ್ನು ನಂಬಲಾಗದು. ಕಲಸಿದ ಮೇಲೆ ನಾಲಗೆಗೆ ಹಚ್ಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಿ. ಇದರಲ್ಲಿ ಪೊಟ್ಯಾಸಿಯಮ್ ಇಲ್ಲ, ಬೆಳಗಾದ ಕೂಡಲೇ ಪ್ಯಾಕೆಟ್ ತನ್ನಿ. ಎಳನೀರಿನಲ್ಲಿ ಪೊಟ್ಯಾಸಿಯಮ್ ಇದೆ, ಸೋಡಿಯಂ ಸಾಲದು. ಜೊತೆಗೆ ಕೊಡಬಹುದು, ಓಆರ್‌ಎಸ್ ಬದಲಿಗೆ ಅಲ್ಲ. ಉಪ್ಪು ಹಾಕಿದ ಅನ್ನದ ಗಂಜಿಯನ್ನು ಆರು ತಿಂಗಳು ದಾಟಿದ ಮಕ್ಕಳು ಚೆನ್ನಾಗಿ ಕುಡಿಯುತ್ತಾರೆ.

ದುಡ್ಡು ಪೋಲಾಗುವುದು ಅಂಗಡಿಯ ಡಬ್ಬಿ ಪಾನೀಯಗಳಿಗೆ. 200 ಎಂ.ಎಲ್.ಗೆ ಸುಮಾರು 30–40 ರೂಪಾಯಿ ಕೊಟ್ಟು, ಓಆರ್‌ಎಸ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಸಕ್ಕರೆ ಇರುವ ನೀರನ್ನು ತರುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಬಳಸಬಾರದೆಂದು ಆದೇಶಿಸಿತು. ಒಂದು ಲೀಟರಿನ ನಿಜವಾದ ಪ್ಯಾಕೆಟ್ ಮೆಡಿಕಲ್‌ನಲ್ಲಿ 20 ರೂಪಾಯಿ ಆಸುಪಾಸಿಗೆ ಸಿಗುತ್ತದೆ, ಆಶಾ ಕಾರ್ಯಕರ್ತೆಯ ಬಳಿ ಪುಕ್ಕಟೆ.

ಮೊದಲ ದಿನವೇ ಹೆಚ್ಚಿನವರು ಕೈಬಿಡುವುದಕ್ಕೆ ಇನ್ನೊಂದು ಕಾರಣವಿದೆ: ಕುಡಿಸಿದರೂ ಭೇದಿ ನಿಲ್ಲಲಿಲ್ಲ ಎಂಬುದು. ಓಆರ್‌ಎಸ್ ಭೇದಿ ನಿಲ್ಲಿಸುವ ಔಷಧಿಯಲ್ಲ, ಹೋದ ನೀರು ಮತ್ತು ಉಪ್ಪನ್ನು ತುಂಬುವುದು ಅದರ ಕೆಲಸ. ಭೇದಿ ಇನ್ನೂ ಕೆಲವು ದಿನ ಇರಬಹುದು. ನಿಲ್ಲಿಸಲೆಂದು ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡುವುದು ಅಪಾಯ. ಹಾಗಾಗಿ ಎಷ್ಟು ಸಲ ಹೋಯಿತು ಎಂಬುದಕ್ಕಿಂತ ಉಚ್ಚೆ ಹೋಯಿತೇ, ಅತ್ತಾಗ ಕಣ್ಣೀರು ಬಂತೇ ಎಂದು ನೋಡಿ. ಡೈಪರ್‌ನಲ್ಲಿ ನೀರುಭೇದಿ ಮತ್ತು ಉಚ್ಚೆ ಒಂದರೊಳಗೊಂದು ಸೇರಿ ತಿಳಿಯುವುದಿಲ್ಲ. ಭೇದಿಯ ದಿನಗಳಲ್ಲಿ ಹಳೆಯ ಬಿಳಿ ಹತ್ತಿ ಬಟ್ಟೆಯನ್ನೇ ಹಾಕಿ. ಆರರಿಂದ ಎಂಟು ಗಂಟೆ ಉಚ್ಚೆ ಇಲ್ಲದಿದ್ದರೆ ತಡಮಾಡಬೇಡಿ.

ಚರ್ಮ ಹಿಡಿದು ನೋಡುವುದನ್ನೂ ಕಲಿತಿರಿ. ಹೊಕ್ಕುಳಕ್ಕೂ ಪಕ್ಕೆಗೂ ನಡುವೆ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಉದ್ದುದ್ದ ನಿಲ್ಲುವಂತೆ ಹಿಡಿದು, ಒಂದು ಸೆಕೆಂಡ್ ಬಿಟ್ಟು ಕೈ ತೆಗೆಯಿರಿ. ಅದು ತಟ್ಟನೆ ಸಮವಾಗಬೇಕು. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ನಿಂತರೆ ಮೈಯ ನೀರು ತೀರಾ ಬತ್ತಿದೆ. ಗುಂಡುಗುಂಡಾದ ಮಗುವಿನಲ್ಲಿ ನೀರು ಬತ್ತಿದ್ದರೂ ಮಡಿಕೆ ಬೇಗ ಹೋಗಬಹುದು, ಬಡಕಲು ಮಗುವಿನಲ್ಲಿ ಯಾವಾಗಲೂ ನಿಧಾನವಿರಬಹುದು. ಇದೊಂದನ್ನೇ ನಂಬಬೇಡಿ.

ನನಗೆ ಅತಿ ಹೆಚ್ಚು ಭಯವಾಗುವುದು "ಬೆಳಗ್ಗೆಯೆಲ್ಲ ನೀರು ನೀರು ಎನ್ನುತ್ತಿತ್ತು, ಈಗ ಪಾಪ ಸುಮ್ಮನೆ ಮಲಗಿದೆ" ಎಂದು ಮನೆಯವರು ಸಮಾಧಾನದಿಂದ ಹೇಳಿದಾಗ. ಚಮಚಕ್ಕೆ ಕೈಚಾಚುವ, ರಗಳೆ ಮಾಡುವ ಮಗುವಿಗೆ ನೀರು ಬೇಕಾಗಿದೆ, ಕೇಳುವ ಶಕ್ತಿಯೂ ಇದೆ. ಅದೇ ಮಗು ಕೇಳುವುದನ್ನು ನಿಲ್ಲಿಸಿ, ಕರೆದರೆ ಕಣ್ಣು ಬಿಡದೆ, ಚಮಚ ತಾಗಿಸಿದರೆ ಬಾಯಿಂದ ನೀರು ಹೊರಗೆ ಸುರಿದರೆ ಅದು ನಿದ್ದೆಯಲ್ಲ. ಎಬ್ಬಿಸಿ ನೋಡಿ. ಎಚ್ಚರವಾಗಿ ಮುಖ ನೋಡಿ ಕುಡಿದರೆ ಸರಿ. ಜೋಲುಬಿದ್ದಿದ್ದರೆ 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಇಲ್ಲಿ ಚಮಚದ ಕೆಲಸ ಮುಗಿಯಿತು, ಈ ಮಗುವಿಗೆ ಬಾಟ್ಲಿಯೇ ಬೇಕು. ಫಿಟ್ಸ್ ಬಂದರೆ, ಎದೆಹಾಲು ಕುಡಿಯುವುದನ್ನೇ ನಿಲ್ಲಿಸಿದರೆ, ಚಮಚದಲ್ಲಿ ಕೊಟ್ಟದ್ದನ್ನೂ ಒಂದು ತೊಟ್ಟು ಬಿಡದೆ ಕಕ್ಕಿದರೆ, ಭೇದಿಯಲ್ಲಿ ರಕ್ತ ಕಂಡರೂ ಕೂಡಲೇ ಆಸ್ಪತ್ರೆಗೆ ಹೊರಡಿ. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಈ ಯಾವ ಲಕ್ಷಣಕ್ಕೂ ಕಾಯಬೇಡಿ.

ಓಆರ್‌ಎಸ್ ಜೊತೆ ಕೊಡುವ ಝಿಂಕ್ ಮಾತ್ರೆ 20 ಮಿ.ಗ್ರಾಂನದು. ಆರು ತಿಂಗಳು ದಾಟಿದವರಿಗೆ ದಿನಕ್ಕೊಂದು, ಎರಡರಿಂದ ಆರು ತಿಂಗಳವರಿಗೆ ಅರ್ಧ, ಚಮಚದಲ್ಲಿ ಎದೆಹಾಲಿನಲ್ಲೋ ನೀರಿನಲ್ಲೋ ಕರಗಿಸಿ ಕೊಡಿ. ಭೇದಿ ಮೂರನೇ ದಿನ ನಿಂತರೂ 14 ದಿನ ಮುಗಿಸಬೇಕು. ಊಟ ನಿಲ್ಲಿಸಬೇಡಿ. ಭೇದಿ ವಾಸಿಯಾದ ಮೇಲೂ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚಾಗಿ ಉಣಿಸಿ.