ಕರಾರು ಮುಗಿದ ಮೇಲೆ ಉಳಿಯುವ ಕಲಮುಗಳು

ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ತಯಾರಿಸುವ ಕಕ್ಷಿದಾರರೊಬ್ಬರು ಫೌಂಡ್ರಿಯ ಜೊತೆಗಿನ ಕರಾರಿನ ಕರಡು ತಂದಿದ್ದರು. "ಕೊನೀ ಪುಟ ಎಲ್ಲಾ ಕಡೀನೂ ಹಂಗ ಇರತೈತ್ರಿ ವಕೀಲರ, ರೇಟಿಂದಷ್ಟ ನೋಡ್ರಿ" ಅಂದರು. ನಾನು ಓದಲು ಶುರು ಮಾಡಿದ್ದೇ ಕೊನೆಯ ಪುಟದಿಂದ.

'ಕರಾರು ರದ್ದಾದ ಕೂಡಲೇ ಉಭಯತರ ಎಲ್ಲ ಬಾಧ್ಯತೆಗಳೂ ಕೊನೆಗೊಳ್ಳುತ್ತವೆ' ಎಂದಿತ್ತು. ಎರಕದ ಅಚ್ಚು ತೆಗೆಯಲು ಇವರ ದುಡ್ಡಿನಲ್ಲಿ ಮಾಡಿಸಿದ ಮಾದರಿಗಳು, ಅಂದರೆ ಪ್ಯಾಟರ್ನ್‌ಗಳು, ಫೌಂಡ್ರಿಯಲ್ಲೇ ಇರುತ್ತವೆ. ಎರಕದೊಳಗೆ ಗಾಳಿ ಸಿಕ್ಕಿ ಆದ ತೂತು, ಅಂದರೆ ಬ್ಲೋಹೋಲ್, ಕಾಣುವುದು ಲೇತ್ ಮೇಲೆ ಹಾಕಿದಾಗ, ಅಷ್ಟರಲ್ಲಿ ಕರಾರೇ ಮುಗಿದಿರಬಹುದು. ಆ ಸಾಲು ಹೊಡೆದುಹಾಕಿದೆ. 'ಸ್ವಭಾವತಃ ಉಳಿಯತಕ್ಕ ಕಲಮುಗಳು ಉಳಿಯುತ್ತವೆ' ಎಂಬ ರೂಢಿಯ ಮಾತು ನನಗೆ ಸಾಲದು, ಯಾವುದು ಉಳಿಯತಕ್ಕದ್ದು ಎಂಬುದೇ ಜಗಳವಾಗುತ್ತದೆ. ಹೆಸರಿಟ್ಟೇ ಬರೆದೆ: ಪ್ಯಾಟರ್ನ್ 15 ದಿನದೊಳಗೆ ವಾಪಸು, ಒಳದೋಷವಿದ್ದರೆ ಮಾಲು ತಲುಪಿದ ದಿನದಿಂದ 12 ತಿಂಗಳವರೆಗೆ ಬದಲಿ, ಡ್ರಾಯಿಂಗ್‌ಗಳ ಗೌಪ್ಯತೆ 3 ವರ್ಷ, ಬಾಕಿ ಹಣ ಚುಕ್ತಾ ಆಗುವವರೆಗೆ. ಮಧ್ಯಸ್ಥಿಕೆಯ ಕಲಮಿಗೆ 1996ರ ಕಾಯ್ದೆಯ 16ನೇ ಕಲಮಿನ ರಕ್ಷಣೆ ಇದ್ದೇ ಇದೆ, ಅದನ್ನು ಪ್ರತ್ಯೇಕ ಒಪ್ಪಂದವೆಂದೇ ಪರಿಗಣಿಸುತ್ತಾರೆ. ಆದರೂ ಪಟ್ಟಿಯಲ್ಲಿ ಸೇರಿಸಿದೆ.

ರದ್ದಾದ ಮೇಲೆ ಎರಡು ವರ್ಷ ಫೌಂಡ್ರಿ ಬೇರೆ ವಾಲ್ವ್ ಕಂಪನಿಗೆ ಎರಕ ಹೊಯ್ಯಕೂಡದು ಎಂಬುದು ಇವರ ಹಟ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಅದು ನಿಲ್ಲುವುದಿಲ್ಲ, ಎರಡು ವರ್ಷವನ್ನು ಒಂದಕ್ಕಿಳಿಸಿದರೂ ಅಷ್ಟೇ ಎಂದು ಹೇಳಿದೆ. ಕೇಳಲಿಲ್ಲ. ಅದನ್ನು ಡ್ರಾಯಿಂಗ್ ಗೌಪ್ಯತೆಯ ವಾಕ್ಯಕ್ಕೆ ಹೆಣೆಯದೆ ಬೇರೆ ಉಪಕಲಮಾಗಿ ಬರೆದೆ. 'ಒಂದು ಕಲಮು ಅಸಿಂಧುವಾದರೆ ಉಳಿದವು ಊರ್ಜಿತ' ಎಂದು ಬರೆದರಷ್ಟೇ ಸಾಲದು, ಕತ್ತರಿಸಲು ಜಾಗವೂ ಇರಬೇಕು.

ನಿಜವಾದ ತೊಡಕು ಹಕ್ಕು ಬಿಟ್ಟುಕೊಡುವುದರದು. ಕರಾರು ಜಾರಿಯಾದ ಮೇಲೆ ಮಾಲು ಪ್ರತಿ ತಿಂಗಳು ತಡವಾಗಿ ಬರುತ್ತಿತ್ತು, ಇವರು ಮಾತಾಡದೆ ಇಳಿಸಿಕೊಳ್ಳುತ್ತಿದ್ದರು. 'ಒಮ್ಮೆ ಸಹಿಸಿಕೊಂಡರೆ ಹಕ್ಕು ಬಿಟ್ಟಂತಲ್ಲ' ಎಂಬ ಕಲಮು ಇದೆಯಲ್ಲ ಎಂಬ ಧೈರ್ಯ. ಆದರೆ ಕರಾರು ಕಾಯ್ದೆಯ 55ನೇ ಕಲಮು ಹೇಳುವುದೇ ಬೇರೆ: ಸಮಯವೇ ಮುಖ್ಯವಾದ ಕರಾರಿನಲ್ಲಿ ತಡವಾದ ಮಾಲು ಸ್ವೀಕರಿಸಿದರೆ, ಸ್ವೀಕರಿಸುವಾಗಲೇ ನೋಟಿಸು ಕೊಟ್ಟಿರದಿದ್ದರೆ, ತಡದಿಂದಾದ ನಷ್ಟ ಕೇಳುವಂತಿಲ್ಲ. ಹೀಗೇ ಸಹಿಸುತ್ತ ಹೋದರೆ ಸಮಯ ಮುಖ್ಯವಾಗಿತ್ತು ಎಂಬ ವಾದವೂ ಸಡಿಲಾಗುತ್ತದೆ. ಅದಕ್ಕೇ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಟ್ಟೆ: 'ಮಾಲು ತಡವಾಗಿ ಬಂದಿದೆ, ತಡದ ನಷ್ಟ ಕೇಳುವ ಉದ್ದೇಶದೊಂದಿಗೆ ಸ್ವೀಕರಿಸಿದ್ದೇವೆ.' ತಡವಾದ ಚಲನ್ ಮೇಲೆ ಹೊಡೆದು, ಫೌಂಡ್ರಿಯ ಕಡೆಯವರ ಸಹಿ ಪಡೆದು, ಅದರ ಫೋಟೋ ಅಂದೇ ಇಮೇಲ್ ಮಾಡಬೇಕು. ಸ್ಟೋರ್ಸ್ ಹುಡುಗನಿಗೆ ಇದು ಮೊದಮೊದಲು ಮುಜುಗರ.

ಆಮೇಲೆ ಕರಾರು ರದ್ದಾಯಿತು. ಪ್ಯಾಟರ್ನ್‌ಗಳು ತಕರಾರಿಲ್ಲದೆ ಬಂದವು. ಎರಡು ವರ್ಷದ ನಿರ್ಬಂಧವನ್ನು ಫೌಂಡ್ರಿಯವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಸ್ಟ್ಯಾಂಪ್ ಬಿದ್ದ ಚಲನ್‌ಗಳ ನಷ್ಟವನ್ನಷ್ಟೇ ಮಧ್ಯಸ್ಥಗಾರರ ಮುಂದೆ ಕೇಳಿದ್ದೇವೆ, ಅದಕ್ಕೂ ಹಿಂದಿನವನ್ನು ಕ್ಲೇಮಿನಿಂದ ನಾನೇ ತೆಗೆಸಿದೆ.